ಬೆಟಾಲಿಯನ್, ಬ್ರಿಗೇಡ್, ಡಿವಿಷನ್: ತೊಲೋಲಿಂಗ್ ಬೆಟ್ಟ ಹೇಳುವ ಲೆಕ್ಕ

ಪ್ರಶ್ನೆ: ಸೇನೆಯ ಸುದ್ದಿ ಓದುವಾಗ ಒಮ್ಮೆ ಬೆಟಾಲಿಯನ್ ಅಂತಾರೆ, ಒಮ್ಮೆ ಬ್ರಿಗೇಡ್, ಇನ್ನೊಮ್ಮೆ ಡಿವಿಷನ್. ಒಂದಕ್ಕಿಂತ ಒಂದು ದೊಡ್ಡದು ಅನ್ನೋದು ಗೊತ್ತು. ಎಷ್ಟು ದೊಡ್ಡದು, ಯಾರ ಕೆಲಸ ಏನು, ಇಷ್ಟೊಂದು ಮೆಟ್ಟಿಲು ಯಾಕೆ ಬೇಕು ಅಂತ ಭಾರತೀಯ ಸೇನೆಯ ಉದಾಹರಣೆ ಇಟ್ಟುಕೊಂಡು ಬಿಡಿಸಿ ಹೇಳ್ತೀರಾ?

ಉತ್ತರ:

ಮೊದಲು ತಲೆ ಎಣಿಕೆ ಮುಗಿಸಿಬಿಡೋಣ. ಭಾರತೀಯ ಸೇನೆಯ ಒಂದು ಪದಾತಿ ಬೆಟಾಲಿಯನ್‌ನಲ್ಲಿ ಸುಮಾರು 800 ಜನ, ಅದರ ಮುಖ್ಯಸ್ಥ ಕರ್ನಲ್. ಅಂಥ ಮೂರು ಬೆಟಾಲಿಯನ್ ಸೇರಿ ಒಂದು ಬ್ರಿಗೇಡ್. ಬೆನ್ನಿಗೆ ಕೊಡುವ ಬೇರೆ ಘಟಕಗಳೂ ಸೇರಿದರೆ 3,000ದಿಂದ 3,500 ಜನ, ಮುಖ್ಯಸ್ಥ ಬ್ರಿಗೇಡಿಯರ್. ಮೂರು ಬ್ರಿಗೇಡುಗಳ ಮೇಲೆ ಫಿರಂಗಿ, ಎಂಜಿನಿಯರ್, ಸಿಗ್ನಲ್, ಸರಬರಾಜು, ವೈದ್ಯಕೀಯ ಘಟಕಗಳನ್ನೆಲ್ಲ ಕೂಡಿಸಿದರೆ ಡಿವಿಷನ್. ಅದರಲ್ಲಿ 15,000ದಿಂದ 18,000 ಜನ, ಮುಖ್ಯಸ್ಥ ಮೇಜರ್ ಜನರಲ್.

ಈ ಲೆಕ್ಕದಲ್ಲೇ ಒಂದು ಸುಳಿವಿದೆ. ಮೂರು ಬೆಟಾಲಿಯನ್ ಅಂದರೆ 2,400 ಜನ. ಬ್ರಿಗೇಡಿನ ಸಂಖ್ಯೆ ಅದಕ್ಕಿಂತ ಅಷ್ಟೇನೂ ದೂರವಿಲ್ಲ. ಡಿವಿಷನ್ನಿನಲ್ಲಿ ಹಾಗಲ್ಲ. ಒಂಬತ್ತು ಬೆಟಾಲಿಯನ್ ಸೇರಿದರೂ 7,200 ಜನವೇ. ಉಳಿದ ಅರ್ಧಕ್ಕಿಂತ ಹೆಚ್ಚು ಜನ ಯಾರು? ಮೂರು ಹಂತಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದು ಈ ಪ್ರಶ್ನೆಯ ಉತ್ತರದಲ್ಲಿ. ಬೆಟಾಲಿಯನ್ ಕಾದಾಡುತ್ತದೆ. ಬ್ರಿಗೇಡ್ ಆ ಕಾದಾಟಗಳನ್ನು ಒಂದಕ್ಕೊಂದು ಹೊಂದಿಸುತ್ತದೆ. ಡಿವಿಷನ್ ಆ ಕಾದಾಟ ನಾಳೆ, ನಾಳಿದ್ದು, ಆಚೆ ವಾರವೂ ನಡೆಯುವಂತೆ ನೋಡಿಕೊಳ್ಳುತ್ತದೆ.

ಬೆಟಾಲಿಯನ್‌ನ ಒಳಗಿನಿಂದ ಶುರು ಮಾಡುತ್ತೇನೆ. ಹತ್ತು ಜನರ ಒಂದು ಸೆಕ್ಷನ್, ಅದರ ಹೊಣೆ ಹವಾಲ್ದಾರನದು. ಮೂರು ಸೆಕ್ಷನ್ ಸೇರಿ ಪ್ಲಟೂನ್. ಅದನ್ನು ನಡೆಸುವವರು ಸುಬೇದಾರ್, ನಾಯಬ್ ಸುಬೇದಾರ್ ಅಥವಾ ಕಿರಿಯ ಅಧಿಕಾರಿ. ಮೂರು ಪ್ಲಟೂನಿಗೆ ಒಂದು ರೈಫಲ್ ಕಂಪನಿ, ಅಂದರೆ ಸುಮಾರು 120 ಜನ, ಮೇಜರ್ ಅಥವಾ ಕ್ಯಾಪ್ಟನ್ ಕೈಕೆಳಗೆ. ಬೆಟಾಲಿಯನ್‌ನಲ್ಲಿ ಇಂಥ ನಾಲ್ಕು ಕಂಪನಿಗಳು. ಜೊತೆಗೆ ಮೋರ್ಟರ್, ಟ್ಯಾಂಕ್ ನಿರೋಧಕ ಕ್ಷಿಪಣಿಗಳಂಥ ಭಾರದ ಆಯುಧ ಇಟ್ಟುಕೊಂಡ ಸಪೋರ್ಟ್ ಕಂಪನಿ ಒಂದು. ಸಿಗ್ನಲ್, ಅಡುಗೆಮನೆ, ವಾಹನ, ಉಗ್ರಾಣ ಎಲ್ಲ ನೋಡಿಕೊಳ್ಳುವ ಹೆಡ್‌ಕ್ವಾರ್ಟರ್ ಕಂಪನಿ ಇನ್ನೊಂದು.

ಅಂದರೆ 800 ಜನರ ಬೆಟಾಲಿಯನ್‌ನಲ್ಲಿ ಬಂದೂಕು ಹಿಡಿದು ಮುನ್ನುಗ್ಗುವ ನಾಲ್ಕು ಕಂಪನಿಗಳ ಒಟ್ಟು ಬಲ ಕಾಗದದ ಮೇಲೂ 500 ದಾಟುವುದಿಲ್ಲ. ರಜೆಗೆ ಹೋದವರು, ತರಬೇತಿಯಲ್ಲಿರುವವರು, ಕಾಯಿಲೆ ಬಿದ್ದವರು, ಹಿಂದಿನ ನೆಲೆ ಕಾಯುವವರನ್ನು ಕಳೆದರೆ ಒಂದು ಕಂಪನಿ ದಾಳಿಗೆ ಹೊರಡುವಾಗ 80-90 ಜನ ಸಿಕ್ಕರೆ ಅದು ಸಾಮಾನ್ಯ. ನಾಲ್ಕೂ ಕಂಪನಿಗಳನ್ನು ಒಟ್ಟಿಗೇ ದಾಳಿಗೆ ಕಳಿಸುವುದೂ ಇಲ್ಲ. ವಾಡಿಕೆಯಂತೆ ಎರಡು ಮುಂದೆ ಹೋಗುತ್ತವೆ. ಒಂದು ಕಂಪನಿ ಕೆಳಗಿನ ನೆಲೆಯನ್ನು ಹಿಡಿದು ಗುಂಡಿನ ಆಸರೆ ಕೊಡುತ್ತದೆ, ಇನ್ನೊಂದು ಮೀಸಲು. ‘ಬೆಟಾಲಿಯನ್ ದಾಳಿ’ ಎಂದು ಓದಿದಾಗ ಗುಡ್ಡದ ಇಳಿಜಾರಿನ ಮೇಲೆ ಮೊದಲ ತಾಸಿನಲ್ಲಿ 200 ಜನರೂ ಇರಲಿಕ್ಕಿಲ್ಲ ಎಂಬುದು ನೆನಪಿರಲಿ. ಎಂಟುನೂರು ಜನ ಬೆಟ್ಟ ಹತ್ತುವ ಚಿತ್ರ ತಲೆಯಲ್ಲಿದ್ದರೆ ಕಾರ್ಗಿಲ್ ಯುದ್ಧದ ಯಾವ ವರದಿಯೂ ಸರಿಯಾಗಿ ಅರ್ಥವಾಗುವುದಿಲ್ಲ.

ಬೆಟಾಲಿಯನ್ನಿಗೆ ಇನ್ನೊಂದು ಗುಣವಿದೆ, ಮೇಲಿನ ಎರಡು ಹಂತಗಳಿಗೆ ಇಲ್ಲದ್ದು. ಅದು ಮನೆ. ಜವಾನ ಸೇರಿದ ಬೆಟಾಲಿಯನ್ನಿನಲ್ಲೇ ಬಹುಪಾಲು ಸೇವೆ ಮುಗಿಸುತ್ತಾನೆ. ಬೆಟಾಲಿಯನ್ ಮಾತ್ರ ಎರಡು-ಮೂರು ವರ್ಷಕ್ಕೊಮ್ಮೆ ಇಡಿಯಾಗಿ ಊರು ಬದಲಿಸುತ್ತದೆ: ಇವತ್ತು ರಾಜಸ್ಥಾನ, ಆಮೇಲೆ ಅರುಣಾಚಲ, ಮತ್ತೆ ಯಾವುದೋ ಕಂಟೋನ್ಮೆಂಟ್. ಬ್ರಿಗೇಡ್, ಡಿವಿಷನ್‌ಗಳದು ಇದಕ್ಕೆ ತದ್ವಿರುದ್ಧ. ಅವುಗಳ ಜಾಗ, ಹೊಣೆ, ಕಚೇರಿ ಸಾಮಾನ್ಯವಾಗಿ ಸ್ಥಿರ, ಅವುಗಳ ಕೆಳಗಿನ ಬೆಟಾಲಿಯನ್‌ಗಳು ಬದಲಾಗುತ್ತಲೇ ಇರುತ್ತವೆ. ಹೀಗಾಗಿ ಬೆಟಾಲಿಯನ್ನನ್ನು ಸೇನೆಯವರು ‘ಯೂನಿಟ್’ ಅನ್ನುತ್ತಾರೆ, ಬ್ರಿಗೇಡ್ ಮತ್ತು ಮೇಲಿನದನ್ನು ‘ಫಾರ್ಮೇಷನ್’ ಅನ್ನುತ್ತಾರೆ. ಯೂನಿಟ್ ಅಂದರೆ ಜನ. ಫಾರ್ಮೇಷನ್ ಅಂದರೆ ಹೊಣೆ.

ರೆಜಿಮೆಂಟ್ ಎಲ್ಲಿ ಬಂತು ಎಂದು ಕೇಳುವವರಿದ್ದಾರೆ. ಪದಾತಿ ದಳದಲ್ಲಿ ರೆಜಿಮೆಂಟ್ ಎಂಬುದು ಯುದ್ಧದ ಮೆಟ್ಟಿಲೇ ಅಲ್ಲ, ಅದೊಂದು ಮನೆತನ. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಗೆ ಹಲವು ಬೆಟಾಲಿಯನ್‌ಗಳಿವೆ, ಆದರೆ ಅವು ಒಟ್ಟಿಗೆ ಸೇರಿ ಯುದ್ಧಕ್ಕೆ ಹೋಗುವುದಿಲ್ಲ. ಒಂದು ಒಂದು ಬ್ರಿಗೇಡಿನಲ್ಲಿ, ಇನ್ನೊಂದು ಸಾವಿರ ಮೈಲಿ ದೂರದ ಮತ್ತೊಂದರಲ್ಲಿ. ‘2 ರಜಪೂತಾನಾ ರೈಫಲ್ಸ್’ ಎಂದರೆ ಆ ರೆಜಿಮೆಂಟಿನ ಎರಡನೇ ಬೆಟಾಲಿಯನ್. ಫಿರಂಗಿ ದಳದಲ್ಲೂ ಟ್ಯಾಂಕ್ ದಳದಲ್ಲೂ ಮಾತ್ರ ‘ರೆಜಿಮೆಂಟ್’ ಎಂಬುದೇ ಬೆಟಾಲಿಯನ್ ಮಟ್ಟದ ಘಟಕದ ಹೆಸರು. ಈ ಗೊಂದಲವನ್ನು ಬ್ರಿಟಿಷರು ಬಿಟ್ಟುಹೋದರು, ನಾವು ಜತನದಿಂದ ಕಾಪಾಡಿಕೊಂಡಿದ್ದೇವೆ.

ಈಗ 1999ರ ಕಾರ್ಗಿಲ್ ಯುದ್ಧಕ್ಕೆ, ಅದರಲ್ಲೂ ದ್ರಾಸ್‌ಗೆ ಬರೋಣ. ಈ ಮೂರು ಹಂತಗಳನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಕರಣ ನಮ್ಮ ಸೇನೆಯ ಇತ್ತೀಚಿನ ಇತಿಹಾಸದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಎಣಿಕೆ.

ನುಸುಳುಕೋರರು ಬೆಟ್ಟದ ತುದಿಗಳಲ್ಲಿ ಕೂತಿದ್ದಾರೆಂದು ತಿಳಿದಾಗ ಇಡೀ ಲಡಾಖಿನ ಹೊಣೆ ಇದ್ದದ್ದು ಲೇಹ್‌ನ 3ನೇ ಇನ್‌ಫೆಂಟ್ರಿ ಡಿವಿಷನ್‌ಗೆ. ಒಂದು ಕಡೆ ಸಿಯಾಚಿನ್, ಇನ್ನೊಂದು ಕಡೆ ಚೀನಾದ ಗಡಿ, ಮೂರನೆಯದು ಕಾರ್ಗಿಲ್. ಕಾರ್ಗಿಲ್ ಭಾಗವನ್ನು ನೋಡಿಕೊಳ್ಳುತ್ತಿದ್ದದ್ದು 121ನೇ ಬ್ರಿಗೇಡ್. ಜೋಜಿ ಲಾ ಕಣಿವೆಯಿಂದ ಪೂರ್ವಕ್ಕೆ 150 ಕಿ.ಮೀ.ಗೂ ಉದ್ದದ ನಿಯಂತ್ರಣ ರೇಖೆ ಅದರ ಪಾಲಿನದು. ನಾಲ್ಕಾರು ಸಾವಿರ ಜನ ಅಷ್ಟು ಉದ್ದಕ್ಕೆ ಹರಡಿಕೊಂಡರೆ ಸಿಗುವುದು ಕಾವಲು ಠಾಣೆಗಳ ಸರಪಳಿ. ಠಾಣೆ-ಠಾಣೆಗಳ ನಡುವೆ ಚಳಿಗಾಲದಲ್ಲಿ ಯಾರೂ ಇರುವುದಿಲ್ಲ. ಬೆಟ್ಟದ ತುದಿಗಳು ಕೈತಪ್ಪಿದ್ದು ಇಂಥ ಖಾಲಿಗಳಲ್ಲಿ. ಒಂದು ಬ್ರಿಗೇಡ್ ತನ್ನ ಪಾಲಿನ ನೆಲವನ್ನು ‘ಹಿಡಿದಿದೆ’ ಎಂದರೆ ಪ್ರತಿ ಮೀಟರಿನಲ್ಲೂ ಸೈನಿಕನಿದ್ದಾನೆ ಎಂದರ್ಥವಲ್ಲ. ನುಗ್ಗಿದವರನ್ನು ಎದುರಿಸಲು ಒಂದು ಬೆಟಾಲಿಯನ್ನನ್ನು ಮೀಸಲಾಗಿ ಒಟ್ಟಿಗೆ ಇಟ್ಟುಕೊಂಡಿದೆ ಎಂದಿರಬೇಕು. ಮೀಸಲಿಗೆ ಜನ ಸಾಲದಷ್ಟು ಹರಡಿಕೊಂಡ ಬ್ರಿಗೇಡ್ ಹೆಸರಿಗೆ ಮಾತ್ರ ಬ್ರಿಗೇಡ್.

ಮೇ ತಿಂಗಳ ಕೊನೆಯ ಭಾಗದಲ್ಲಿ ಕಾಶ್ಮೀರ ಕಣಿವೆಯಿಂದ ಬಂದ 18 ಗ್ರೆನೇಡಿಯರ್ಸ್ ಬೆಟಾಲಿಯನ್‌ಗೆ ತೊಲೋಲಿಂಗ್ ತೆಗೆದುಕೊಳ್ಳುವ ಕೆಲಸ ಬಿತ್ತು. ದ್ರಾಸ್ ಪೇಟೆ, ಶ್ರೀನಗರ-ಲೇಹ್ ಹೆದ್ದಾರಿ ಎರಡೂ ಆ ಬೆಟ್ಟದ ಕಣ್ಣಳತೆಯಲ್ಲಿವೆ. ಮರವಿಲ್ಲದ ಬೋಳು ಇಳಿಜಾರು, ಮೇಲಿಂದ ಮೆಷಿನ್‌ಗನ್. ಬೆಟಾಲಿಯನ್ನಿನ ಕೈಲಿದ್ದದ್ದು ತನ್ನ 81 ಮಿ.ಮೀ. ಮೋರ್ಟರ್‌ಗಳು, ಮೆಷಿನ್‌ಗನ್‌ಗಳು. ಮೋರ್ಟರ್ ಬಾಂಬು ಹತ್ತಿರ ಹತ್ತಿರ ಐದು ಕಿ.ಮೀ. ಹೋಗುತ್ತದೆ, ಆದರೆ ಬಂಡೆಗಳನ್ನು ಪೇರಿಸಿ ಕಟ್ಟಿದ ಸಂಗರ್‌ಗಳನ್ನು ಒಡೆಯುವ ಶಕ್ತಿ ಅದಕ್ಕಿಲ್ಲ. ಫಿರಂಗಿಗಳು ಆ ಮೊದಲ ದಿನಗಳಲ್ಲಿ ಬೆರಳೆಣಿಕೆಯಷ್ಟು. ಮೇ 30ರಂದು ಮೇಜರ್ ರಾಜೇಶ್ ಅಧಿಕಾರಿ ತೀರಿಕೊಂಡರು. ಜೂನ್ 2ರಂದು ಬೆಟಾಲಿಯನ್ನಿನ ಎರಡನೇ ಸ್ಥಾನದ ಅಧಿಕಾರಿ ಲೆಫ್ಟಿನೆಂಟ್ ಕರ್ನಲ್ ಆರ್. ವಿಶ್ವನಾಥನ್ ತೀರಿಕೊಂಡರು. ತುದಿ ಸಿಗಲಿಲ್ಲ. ತುದಿಗಿಂತ ಸ್ವಲ್ಪ ಕೆಳಗಿನ ನೆಲೆಗಳನ್ನು ಮಾತ್ರ ಗ್ರೆನೇಡಿಯರ್‌ಗಳು ಬಿಡದೆ ಹಿಡಿದುಕೊಂಡರು.

ಧೈರ್ಯ ಕಡಿಮೆಯಾಗಿ ಹೀಗಾಯಿತು ಎನ್ನುವಂತಿಲ್ಲ. ಬ್ರಿಗೇಡ್ ಮಾಡಬೇಕಾದ ಕೆಲಸ ಒಂಟಿ ಬೆಟಾಲಿಯನ್ನಿನ ಹೆಗಲಿಗೆ ಬಿದ್ದಿತ್ತು. ಬಯಲಿನಲ್ಲಿ ರಕ್ಷಣೆಗೆ ಕೂತ ಶತ್ರುವಿನ ಮೇಲೆ ದಾಳಿ ಮಾಡಲು ಒಬ್ಬನಿಗೆ ಮೂವರು ಬೇಕೆಂಬುದು ಹಳೆಯ ಲೆಕ್ಕ. ಎತ್ತರದ ಬೆಟ್ಟದಲ್ಲಿ ಅದು ಆರಕ್ಕೋ ಅದಕ್ಕೂ ಮೇಲಕ್ಕೋ ಏರುತ್ತದೆ. ಜನರನ್ನು ಹೆಚ್ಚಿಸಿದರಷ್ಟೇ ಸಾಲದು, ಏಕೆಂದರೆ ಕಡಿದಾದ ಏಣಿನ ಮೇಲೆ ಒಮ್ಮೆಗೆ ಹಿಡಿಸುವುದು ಒಂದೋ ಎರಡೋ ಪ್ಲಟೂನ್. ಹೆಚ್ಚು ಬೇಕಾಗಿರುವುದು ಶತ್ರು ತಲೆ ಎತ್ತದಂತೆ ಮಾಡುವ ಫಿರಂಗಿ ಗುಂಡು, ಮತ್ತೆ ದಣಿದವರ ಜಾಗಕ್ಕೆ ಬರುವ ಹೊಸ ಬೆಟಾಲಿಯನ್.

ಜೂನ್ ಮೊದಲ ದಿನಗಳಲ್ಲಿ ಮೇಜರ್ ಜನರಲ್ ಮೊಹಿಂದರ್ ಪುರಿ ಅವರ 8ನೇ ಮೌಂಟನ್ ಡಿವಿಷನ್ ದ್ರಾಸ್-ಮುಷ್ಕೋ ಭಾಗದ ಹೊಣೆ ಹೊತ್ತಿತು. 3ನೇ ಡಿವಿಷನ್‌ಗೆ ಪೂರ್ವದ ಬಟಾಲಿಕ್ ಕಡೆಯ ಹೋರಾಟದ ಮೇಲೆ ಗಮನ ಕೊಡಲು ಬಿಡುವಾಯಿತು. ಲೇಹ್‌ನಿಂದ ದ್ರಾಸ್‌ಗೆ ರಸ್ತೆಯಲ್ಲಿ ಸುಮಾರು 270 ಕಿ.ಮೀ. ಎಂಬುದನ್ನು ನೋಡಿದರೆ ಇಬ್ಬರು ಜನರಲ್‌ಗಳು ಯಾಕೆ ಬೇಕಾದರು ಎಂಬುದಕ್ಕೆ ಬೇರೆ ವಿವರಣೆ ಬೇಡ. ದ್ರಾಸ್‌ನ ಒಳಗೆ ತೊಲೋಲಿಂಗ್ ಸಾಲು 56ನೇ ಮೌಂಟನ್ ಬ್ರಿಗೇಡ್‌ಗೆ ಬಂತು.

ಬ್ರಿಗೇಡ್ ತಂದ ಬದಲಾವಣೆ ಗಮನಿಸಿ. ಗ್ರೆನೇಡಿಯರ್‌ಗಳನ್ನು ಅವರು ಹಿಡಿದ ನೆಲೆಗಳಲ್ಲೇ ಉಳಿಸಿಕೊಂಡು, ಅವರ ಆಸರೆಯಲ್ಲಿ ಮುಂದೆ ದಾಟಿಹೋಗಿ ದಾಳಿ ಮಾಡುವ ಕೆಲಸವನ್ನು ಹೊಸದಾಗಿ ಬಂದ 2 ರಜಪೂತಾನಾ ರೈಫಲ್ಸ್‌ಗೆ ಕೊಡಲಾಯಿತು. ಆ ಬೆಟಾಲಿಯನ್ನಿನ ಕಮಾಂಡಿಂಗ್ ಆಫೀಸರ್ ಲೆಫ್ಟಿನೆಂಟ್ ಕರ್ನಲ್ ಎಂ.ಬಿ. ರವೀಂದ್ರನಾಥ್, ನಮ್ಮ ಕರ್ನಾಟಕದವರು. ಈ ಕಾರ್ಯಾಚರಣೆಗೆ ಅವರಿಗೆ ವೀರಚಕ್ರ ಸಂದಿತು. ದಾಳಿಗೆ ಮುನ್ನ ಅವರ ಜನರಿಗೆ ದಾರಿ ನೋಡಿಕೊಳ್ಳಲು, ಆ ಎತ್ತರದ ಗಾಳಿಗೆ ಹೊಂದಿಕೊಳ್ಳಲು, ಆಯುಧಗಳ ಗುರಿ ಸರಿಮಾಡಿಕೊಳ್ಳಲು ದಿನಗಳು ಸಿಕ್ಕವು. ಜೂನ್ 12ರ ರಾತ್ರಿ ಹೊರಟು 13ರಂದು ತೊಲೋಲಿಂಗ್ ತೆಗೆದುಕೊಂಡರು. ಮುಂದಿನ ಕಂಪನಿಯೊಂದನ್ನು ನಡೆಸಿದ ಮೇಜರ್ ವಿವೇಕ್ ಗುಪ್ತ ಅಲ್ಲೇ ಪ್ರಾಣ ಬಿಟ್ಟರು. ಒಂದು ವಾರ ಕಳೆದು ಅದೇ ಸಾಲಿನ ಪಾಯಿಂಟ್ 5140 ಎಂಬ ಶಿಖರ ನಮ್ಮ ಕೈಗೆ ಬಂದಾಗ 13 ಜಮ್ಮು-ಕಾಶ್ಮೀರ ರೈಫಲ್ಸ್, 18 ಗಢವಾಲ್ ರೈಫಲ್ಸ್, 1 ನಾಗಾ ಮೂರೂ ಬೇರೆ ಬೇರೆ ದಿಕ್ಕಿನಿಂದ ಏರಿದ್ದವು.

ಒಂದು ಬೆಟಾಲಿಯನ್ ಹಿಡಿದು ನಿಲ್ಲುವುದು, ಇನ್ನೊಂದು ಅದನ್ನು ದಾಟಿ ಹೋಗುವುದು, ಮೂರನೆಯದು ಬೇರೆ ದಿಕ್ಕಿನಿಂದ ಶತ್ರುವಿನ ಗಮನ ಸೆಳೆಯುವುದು. ಬ್ರಿಗೇಡಿಗೆ ಮೂರು ಬೆಟಾಲಿಯನ್ ಯಾಕೆ ಎಂಬ ಪ್ರಶ್ನೆಗೆ ಇಷ್ಟೇ ಉತ್ತರ. ಎರಡಿದ್ದರೆ ಮೀಸಲು ಇರುವುದಿಲ್ಲ. ಐದಾರು ಕೊಟ್ಟರೆ ಬ್ರಿಗೇಡಿಯರ್‌ನ ಪುಟ್ಟ ಕಚೇರಿಗೆ ನಿಭಾಯಿಸಲಾಗದು. ಆ ಕಚೇರಿಯಲ್ಲಿ ಭಾರ ಹೊರುವವರು ಮುಖ್ಯವಾಗಿ ಇಬ್ಬರು: ದಾಳಿಯ ಯೋಜನೆ, ಆದೇಶ, ರೇಡಿಯೋ ನೋಡಿಕೊಳ್ಳುವ ಬ್ರಿಗೇಡ್ ಮೇಜರ್, ಗುಂಡು, ಊಟ, ವಾಹನ, ಗಾಯಾಳುಗಳ ಲೆಕ್ಕ ನೋಡುವ ‘ಡಿಕ್ಯು’. ಬೆಟಾಲಿಯನ್‌ಗಳು ಹೆಚ್ಚಾದಂತೆ ಈ ಇಬ್ಬರು ನಿದ್ದೆಗೆಡುತ್ತಾರೆ. ನಿದ್ದೆಗೆಟ್ಟ ಬ್ರಿಗೇಡ್ ಮೇಜರ್ ಬರೆದ ಆದೇಶದಲ್ಲಿ ಸಮಯವೋ ನಕಾಶೆಯ ಅಂಕಿಯೋ ತಪ್ಪಿದರೆ ನಮ್ಮದೇ ಫಿರಂಗಿಯ ಗುಂಡು ನಮ್ಮವರ ಮೇಲೆ ಬೀಳುತ್ತದೆ.

ಬ್ರಿಗೇಡಿನ ವಿಚಿತ್ರವೆಂದರೆ, ಡಿವಿಷನ್ನಿನ ಒಳಗಿರುವ ಮಾಮೂಲಿ ಬ್ರಿಗೇಡಿಗೆ ತನ್ನದೆಂದು ಹೇಳಿಕೊಳ್ಳಲು ಸ್ವತ್ತು ಹೆಚ್ಚಿಲ್ಲ. ಅದರ ಬೆನ್ನಿಗಿರುವ ಫಿರಂಗಿ ರೆಜಿಮೆಂಟ್ ಡಿವಿಷನ್ನಿನದು. ಮೈನ್ ತೆಗೆಯುವ ಎಂಜಿನಿಯರ್ ಕಂಪನಿ, ಗಾಯಾಳುಗಳನ್ನು ಮೊದಲು ಸುಧಾರಿಸುವ ವೈದ್ಯಕೀಯ ತುಕಡಿ ಕೂಡ ಡಿವಿಷನ್ನಿನಿಂದ ಬಂದವೇ. ಸ್ವತಂತ್ರ ಬ್ರಿಗೇಡ್ ಎಂದು ಕರೆಸಿಕೊಳ್ಳುವ ಕೆಲವಕ್ಕೆ ಮಾತ್ರ ಇವೆಲ್ಲ ಸ್ವಂತಕ್ಕೆ ಇರುತ್ತವೆ.

ಫಿರಂಗಿಯವರು ಎಲ್ಲಿ ಕೂರುತ್ತಾರೆ ಎಂಬುದನ್ನು ನೋಡಿದರೆ ಮೂರು ಹಂತಗಳ ಹೊಂದಾಣಿಕೆ ಕಣ್ಣಿಗೆ ಕಟ್ಟುತ್ತದೆ. ಒಂದು ಫಿರಂಗಿ ರೆಜಿಮೆಂಟಿನಲ್ಲಿ ಆರಾರು ಫಿರಂಗಿಗಳ ಮೂರು ಬ್ಯಾಟರಿ, ಒಟ್ಟು 18. ದಾಳಿ ಮಾಡುವ ಕಂಪನಿಯ ಜೊತೆ ಬೆಟ್ಟ ಹತ್ತುವ ಫಿರಂಗಿ ದಳದ ಕಿರಿಯ ಅಧಿಕಾರಿಯೊಬ್ಬ ಗುಂಡು ಎಲ್ಲಿ ಬಿತ್ತು, ಎಷ್ಟು ಎಡಕ್ಕೆ, ಎಷ್ಟು ಮುಂದಕ್ಕೆ ಎಂದು ರೇಡಿಯೋದಲ್ಲಿ ಹೇಳುತ್ತಾನೆ. ಬ್ಯಾಟರಿ ಕಮಾಂಡರ್ ಬೆಟಾಲಿಯನ್ನಿನ ಕಮಾಂಡಿಂಗ್ ಆಫೀಸರ್ ಪಕ್ಕದಲ್ಲಿರುತ್ತಾನೆ. ಫಿರಂಗಿ ರೆಜಿಮೆಂಟಿನ ಮುಖ್ಯಸ್ಥ ಬ್ರಿಗೇಡಿಯರ್ ಪಕ್ಕದಲ್ಲಿ. ಡಿವಿಷನ್ನಿನ ಎಲ್ಲ ಫಿರಂಗಿಗಳ ಮೇಲಿನ ಆರ್ಟಿಲರಿ ಬ್ರಿಗೇಡ್ ಕಮಾಂಡರ್ ಮೇಜರ್ ಜನರಲ್ ಪಕ್ಕದಲ್ಲಿ. ಕೆಳಗಿನವನು ಕೇಳಿದ್ದು ತನ್ನ ಆರು ಫಿರಂಗಿಯಿಂದ ಆಗದಿದ್ದರೆ ಬೇಡಿಕೆ ಮೇಲಕ್ಕೆ ಹೋಗುತ್ತದೆ. ಆರು ಹದಿನೆಂಟಾಗುತ್ತದೆ, ಆಮೇಲೆ ಡಿವಿಷನ್ನಿನ ಎಲ್ಲವೂ.

ಇಲ್ಲಿಂದ ಡಿವಿಷನ್ನಿನ ಕೆಲಸ ಶುರು. ಜುಲೈ 3ರ ಸಂಜೆ ಟೈಗರ್ ಹಿಲ್ ಮೇಲಿನ ದಾಳಿ ಹೊರಟಿತು; ಅದು 192ನೇ ಬ್ರಿಗೇಡಿನ ಕೆಲಸ. ಪಶ್ಚಿಮಕ್ಕೆ ಮುಷ್ಕೋ ಕಣಿವೆಯಲ್ಲಿ ಪಾಯಿಂಟ್ 4875ರ ಮೇಲಿನ ದಾಳಿ ಮರುದಿನ, ಜುಲೈ 4ರ ಸಂಜೆ. ಅದು 79ನೇ ಬ್ರಿಗೇಡಿನದು. ಎರಡೂ ಬ್ರಿಗೇಡುಗಳಿಗೆ ತಮ್ಮ ದಾಳಿಯೇ ದೊಡ್ಡದು, ಇಬ್ಬರಿಗೂ ಬೋಫೋರ್ಸ್ ಬೇಕು. ಫಿರಂಗಿಯನ್ನು ಹಂಚುವವನು ಇಬ್ಬರಿಗಿಂತ ಮೇಲೆ ಕೂತವನೇ ಆಗಬೇಕು. ಟೈಗರ್ ಹಿಲ್ ಮರಳಿ ಪಡೆದ ದಿನ ಸುಮಾರು 9,000 ಷೆಲ್ ಹಾರಿದವು ಎಂಬುದು ದಾಖಲಾದ ಅಂಕಿ. ಅಷ್ಟು ಗುಂಡನ್ನು ಒಂದು ಬೆಟ್ಟದ ಮೇಲೆ ಸುರಿಯುವ ತೀರ್ಮಾನ ಬ್ರಿಗೇಡಿಯರ್ ಒಬ್ಬನೇ ಕೈಗೊಳ್ಳುವಂಥದ್ದಲ್ಲ.

ಈ ದಾಳಿಗಳಲ್ಲಿ ಇನ್ನೊಂದು ವಿಷಯವನ್ನೂ ನೋಡಿ. ಟೈಗರ್ ಹಿಲ್ ಏರಿದವರಲ್ಲಿ ಮುಖ್ಯರು ತೊಲೋಲಿಂಗ್‌ನಲ್ಲಿ 56ನೇ ಬ್ರಿಗೇಡಿನಲ್ಲಿದ್ದ ಅದೇ 18 ಗ್ರೆನೇಡಿಯರ್ಸ್. ಪಾಯಿಂಟ್ 5140ರಲ್ಲಿ 56ನೇ ಬ್ರಿಗೇಡಿನಲ್ಲಿದ್ದ 13 ಜಮ್ಮು-ಕಾಶ್ಮೀರ ರೈಫಲ್ಸ್, ಪಾಯಿಂಟ್ 4875ರ ವೇಳೆಗೆ 79ನೇ ಬ್ರಿಗೇಡಿನಲ್ಲಿತ್ತು. ಎರಡು-ಮೂರು ವಾರದಲ್ಲೇ ಬೆಟಾಲಿಯನ್‌ಗಳು ಬ್ರಿಗೇಡ್ ಬದಲಿಸಿದ್ದವು. ಹೀಗೆ ಎತ್ತಿಡುವ ಅಧಿಕಾರ ಡಿವಿಷನ್ನಿನದು. ಅದಕ್ಕೊಂದು ಬೆಲೆಯೂ ಇದೆ: ಹೊಸ ಬ್ರಿಗೇಡಿಗೆ ಹೋದ ಬೆಟಾಲಿಯನ್ ಅಲ್ಲಿನ ರೇಡಿಯೋ ಕರೆಹೆಸರು, ಫಿರಂಗಿ ಗುರಿಗಳ ಸಂಖ್ಯೆ, ಬ್ರಿಗೇಡಿಯರ್ ಮಾತಿನ ಧಾಟಿ ಎಲ್ಲ ಹೊಸದಾಗಿ ಕಲಿಯಬೇಕು. ಹಾಗಾಗಿ ಕಳಿಸಿದ ರಾತ್ರಿಯೇ ದಾಳಿಗೆ ಹಚ್ಚುವುದು ಅಪಾಯ. ಎಷ್ಟು ದಿನ ಕೊಟ್ಟರು ಎಂಬುದು ಆ ಮೇಲಧಿಕಾರಿಯ ವಿವೇಕ ಅಳೆಯುವ ಒಳ್ಳೆಯ ಕೋಲು.

ಇನ್ನು ಗುಂಡಿನ ತೂಕ. ಒಂದು ಸಣ್ಣ ಲೆಕ್ಕ ಹಾಕೋಣ; ಇದು ಯಾವುದೋ ಒಂದು ರಾತ್ರಿಯ ದಾಖಲೆಯಲ್ಲ, ತಿಳಿಯಲೆಂದು ಹಾಕಿದ್ದು. 18 ಫಿರಂಗಿಗಳು ತಲಾ 100 ಗುಂಡು ಹಾರಿಸಬೇಕೆಂದರೆ 1,800 ಗುಂಡು. 105 ಮಿ.ಮೀ. ಫಿರಂಗಿಯ ಷೆಲ್ ಒಂದಕ್ಕೆ ಸುಮಾರು 15 ಕಿಲೋ, ಹಾಗಾಗಿ ಷೆಲ್ಲುಗಳ ತೂಕವೇ 27 ಟನ್. ಅದೇ 155 ಮಿ.ಮೀ. ಬೋಫೋರ್ಸ್ ಆದರೆ ಷೆಲ್ಲಿಗೆ ಸುಮಾರು 43 ಕಿಲೋ, ಒಟ್ಟು 77 ಟನ್ ದಾಟುತ್ತದೆ. ಮದ್ದಿನ ಚೀಲ, ಪೆಟ್ಟಿಗೆ ಬೇರೆ. 5 ಟನ್ ಹೊರುವ ಲಾರಿಯಾದರೆ ಷೆಲ್ಲಿಗೇ 16 ಬೇಕು. ಜೋಜಿ ಲಾ ಹತ್ತಿ ಇಳಿದು, ಶತ್ರುವಿನ ಕಣ್ಣೆದುರಿನ ದ್ರಾಸ್ ರಸ್ತೆಯಲ್ಲಿ ರಾತ್ರಿ ದೀಪ ಆರಿಸಿಕೊಂಡು ಅವು ಬರಬೇಕು, ಇಳಿಸಬೇಕು, ಬೆಳಕಾಗುವ ಮೊದಲು ಮರೆಗೆ ಹೋಗಬೇಕು. ನಾಳೆ ಮತ್ತೆ ಬರಬೇಕು.

ಬೆಟಾಲಿಯನ್ ತನ್ನ ಜೊತೆ ಇಟ್ಟುಕೊಳ್ಳುವುದು ತನ್ನ ಆಯುಧಗಳಿಗೆ ಮೊದಲ ಕಾದಾಟಕ್ಕೆ ಸಾಲುವಷ್ಟು ಗುಂಡು. ಅದರ ಹಿಂದಿನ ದಾಸ್ತಾನು ಡಿವಿಷನ್ನಿನ ಲಾರಿಗಳಲ್ಲಿರುತ್ತದೆ. ನಡುವೆ ಬ್ರಿಗೇಡ್ ಉಗ್ರಾಣ ನಡೆಸುವುದಿಲ್ಲ. ಡಿಕ್ಯು ಬೇಡಿಕೆಗಳನ್ನು ಒಟ್ಟುಮಾಡಿ ಯಾರಿಗೆ ಮೊದಲು ಎಂದು ಹೇಳುತ್ತಾನೆ, ಅಷ್ಟೇ. ಆರಂಭದಲ್ಲಿ ಕೇಳಿದ ‘ಉಳಿದ ಅರ್ಧ ಜನ’ ಇಲ್ಲಿದ್ದಾರೆ: ಲಾರಿ ಓಡಿಸುವವರು, ಫಿರಂಗಿ ತುಂಬುವವರು, ಸೇತುವೆ ಹಾಕುವವರು, ತಂತಿ ಎಳೆಯುವವರು, ಕೆಟ್ಟ ಬಂದೂಕು ರಿಪೇರಿ ಮಾಡುವವರು, ರಸ್ತೆಯಲ್ಲಿ ಸಂಚಾರ ನಿಭಾಯಿಸುವ ಮಿಲಿಟರಿ ಪೊಲೀಸರು.

ಗಾಯಾಳುವಿನ ದಾರಿಯೂ ಇದೇ ಮೆಟ್ಟಿಲುಗಳಲ್ಲಿ ಇಳಿಯುತ್ತದೆ. ಬೆಟಾಲಿಯನ್ನಿಗೆ ಒಬ್ಬ ವೈದ್ಯಾಧಿಕಾರಿ. ರಕ್ತ ನಿಲ್ಲಿಸಿ, ನೋವಿಗೆ ಮದ್ದು ಕೊಟ್ಟು ಕೆಳಕ್ಕೆ ಕಳಿಸುವುದು ಅವನ ಕೆಲಸ. ಬ್ರಿಗೇಡ್ ಮಟ್ಟದಲ್ಲಿ ಡಿವಿಷನ್ನಿನ ಫೀಲ್ಡ್ ಆಂಬುಲೆನ್ಸ್‌ನ ಒಂದು ತುಕಡಿ ಅವನನ್ನು ಸ್ಥಿರಗೊಳಿಸುತ್ತದೆ, ಶಸ್ತ್ರಚಿಕಿತ್ಸೆ ಅದಕ್ಕೂ ಹಿಂದೆ. ಬೆಟ್ಟದಲ್ಲಿ ಒಂದು ಸ್ಟ್ರೆಚರ್ ಇಳಿಸಲು ಕನಿಷ್ಠ ನಾಲ್ವರು, ದಾರಿ ಕಡಿದಾದರೆ ಆರೆಂಟು ಜನ. ಐದು ಗಾಯಾಳುಗಳಾದರೆ ಒಂದು ಪ್ಲಟೂನೇ ಹೊರುವ ಕೆಲಸಕ್ಕೆ ಹೋಯಿತು. ಹೊರುವವರನ್ನು ಬೇರೆ ಬೆಟಾಲಿಯನ್ನಿನಿಂದ ಕೊಡಿಸುವ ವ್ಯವಸ್ಥೆಯನ್ನು ಬ್ರಿಗೇಡ್ ಮೊದಲೇ ಮಾಡಿರದಿದ್ದರೆ, ಗೆಲ್ಲುತ್ತಿರುವ ದಾಳಿಯೂ ನಡುದಾರಿಯಲ್ಲಿ ನಿಲ್ಲುತ್ತದೆ.

ಸಮಯದ ಲೆಕ್ಕವೂ ಬೇರೆ ಬೇರೆ. ಬೆಟಾಲಿಯನ್ನಿನ ಕಮಾಂಡಿಂಗ್ ಆಫೀಸರ್ ತಲೆಯಲ್ಲಿ ಇವತ್ತಿನ ರಾತ್ರಿ, ನಾಳೆಯ ಬೆಳಗು. ಬ್ರಿಗೇಡಿಯರ್ ನಾಳಿದ್ದರ ಗುಡ್ಡವನ್ನು ಯಾರು ತೆಗೆಯಬೇಕೆಂದು ಯೋಚಿಸುತ್ತಾನೆ. ಡಿವಿಷನ್ ಮುಂದಿನ ವಾರಕ್ಕೆ ಬೇಕಾದ ಗುಂಡು, ಮುಂದಿನ ವಾರದ ಬ್ರಿಗೇಡ್ ಎಲ್ಲಿಂದ ಎಂದು ನೋಡುತ್ತದೆ. ಈ ಎಲ್ಲೆ ಅಳಿಸಿಹೋದಾಗ ಕೆಡುತ್ತದೆ. ಒಂದು ಹಂತ ಕೆಳಗಿನವರಿಗೆ ಆದೇಶ ಕೊಡು, ಎರಡು ಹಂತ ಕೆಳಗಿನವರೆಗೆ ಯೋಚಿಸು ಎಂಬುದು ಸೈನ್ಯದ ರೂಢಿ: ಬ್ರಿಗೇಡಿಯರ್ ನಕಾಶೆಯ ಮೇಲೆ ಕಂಪನಿಗಳನ್ನು ಇಟ್ಟು ನೋಡಬೇಕು, ಆದರೆ ಮಾತಾಡಬೇಕಾದ್ದು ಕಮಾಂಡಿಂಗ್ ಆಫೀಸರ್ ಜೊತೆ. ಅವನೇ ರೇಡಿಯೋ ಹಿಡಿದು ಕಂಪನಿ ಕಮಾಂಡರನಿಗೆ ‘ಇನ್ನೂ ನೂರು ಮೀಟರ್ ಮುಂದೆ ಹೋಗು’ ಎನ್ನಲು ಶುರು ಮಾಡಿದನೆಂದರೆ, ಬ್ರಿಗೇಡನ್ನು ಆಗ ಯಾರೂ ನಡೆಸುತ್ತಿಲ್ಲ ಎಂದು ತಿಳಿಯಬಹುದು.

ಹಾಗಾದರೆ ಡಿವಿಷನ್ನಿನ ಫಿರಂಗಿ, ಎಂಜಿನಿಯರ್‌ಗಳನ್ನು ಒಡೆದು ಕೆಳಗೇ ಕೊಟ್ಟುಬಿಟ್ಟರೆ ಆಗದೇ? ರಷ್ಯಾ ಅದನ್ನು ಮಾಡಿ ನೋಡಿತು. 2008ರ ನಂತರದ ಸುಧಾರಣೆಯಲ್ಲಿ ಬಹುಪಾಲು ಡಿವಿಷನ್‌ಗಳನ್ನು ಕೈಬಿಟ್ಟು ಬ್ರಿಗೇಡುಗಳಿಗೆ ಇಳಿಯಿತು. ಬೆಟಾಲಿಯನ್ನಿಗೇ ಟ್ಯಾಂಕ್, ಫಿರಂಗಿ, ವಾಯುರಕ್ಷಣೆ ಎಲ್ಲ ಸೇರಿಸಿ 600ರಿಂದ 800 ಜನರ ‘ಬೆಟಾಲಿಯನ್ ಟ್ಯಾಕ್ಟಿಕಲ್ ಗ್ರೂಪ್’ ಕಟ್ಟಿತು. ಸಣ್ಣ ಕಾಳಗಗಳಿಗೆ ಅದು ಚುರುಕಾಗಿತ್ತು. 2022ರಲ್ಲಿ ಉಕ್ರೇನಿನ ಮೇಲೆ ಹೋದಾಗ ಅದರ ಕೊರತೆ ಹೊರಬಿತ್ತು: ಆಯುಧಗಳು ತುಂಬ, ಕಾಲಾಳುಗಳು ಕಡಿಮೆ. ಪಟ್ಟಣದ ಬೀದಿ ಹಿಡಿಯಲು, ಪಕ್ಕೆ ಕಾಯಲು ಜನ ಸಾಲಲಿಲ್ಲ. ಇನ್ನೂರು ಜನರನ್ನು ಕಳಕೊಂಡರೆ ಗುಂಪೇ ಕೆಲಸಕ್ಕೆ ಬಾರದಾಯಿತು. ಬೆಟಾಲಿಯನ್ನಿನ ಚಿಕ್ಕ ಕಚೇರಿಗೆ ಅಷ್ಟು ಬಗೆಯ ಆಯುಧ ಹೊಂದಿಸುವುದೂ ಕಷ್ಟ. ಡಿವಿಷನ್‌ಗಳನ್ನು ಮರಳಿ ಕಟ್ಟುವ ಕೆಲಸವನ್ನು ರಷ್ಯಾ ಆ ಯುದ್ಧಕ್ಕೂ ಮುಂಚೆಯೇ ಶುರು ಮಾಡಿತ್ತು.

ನಮ್ಮಲ್ಲಿ 2025ರ ಜುಲೈ 26ರಂದು ದ್ರಾಸ್‌ನಲ್ಲೇ ಸೇನಾ ಮುಖ್ಯಸ್ಥ ಜನರಲ್ ಉಪೇಂದ್ರ ದ್ವಿವೇದಿ ‘ರುದ್ರ’ ಬ್ರಿಗೇಡ್‌ಗಳನ್ನು ಪ್ರಕಟಿಸಿದರು. ಪದಾತಿ, ಟ್ಯಾಂಕ್, ಫಿರಂಗಿ, ವಿಶೇಷ ಪಡೆ, ಡ್ರೋನ್ ಎಲ್ಲವೂ ಒಂದೇ ಬ್ರಿಗೇಡಿನೊಳಗೆ ಎಂಬುದು ಅದರ ತಿರುಳು. ಅಂದರೆ ಡಿವಿಷನ್ನಿನಿಂದ ಎರವಲು ತರಬೇಕಾಗಿದ್ದನ್ನು ಬ್ರಿಗೇಡಿಗೆ ಸ್ವಂತಕ್ಕೆ ಕೊಡುವುದು. ಬೇಗ ಹೊರಡಬಹುದು, ಕೇಳಿಕೊಂಡು ಕಾಯಬೇಕಿಲ್ಲ. ಆದರೆ ಬ್ರಿಗೇಡಿಯರ್ ಕಚೇರಿ ಅದೇ ಹಳೆಯ ಅಳತೆಯಲ್ಲಿದ್ದರೆ ರಷ್ಯನ್ನರ ತೊಂದರೆ ಇಲ್ಲೂ ತಲೆಹಾಕೀತು. ಆಯುಧ ಹೆಚ್ಚಿಸುವಷ್ಟೇ ಆ ಆಯುಧಗಳನ್ನು ಹೊಂದಿಸುವ ಅಧಿಕಾರಿಗಳನ್ನೂ ಹೆಚ್ಚಿಸಬೇಕೆಂಬುದು ನನ್ನ ಅಭಿಪ್ರಾಯ.

ಕೊನೆಗೆ ಎರಡು ಚಿಕ್ಕ ಎಚ್ಚರಿಕೆ. ಸಂಖ್ಯೆಗಳನ್ನು ಕ್ರಮವೆಂದು ಓದಬೇಡಿ: 192ನೇ ಬ್ರಿಗೇಡ್ ಎಂದರೆ ನಮ್ಮಲ್ಲಿ ಅದಕ್ಕೆ ಮುಂಚಿನ 191 ಬ್ರಿಗೇಡುಗಳು ಇವೆಯೆಂದಲ್ಲ. ಎರಡನೆಯದು, ಬೆಟಾಲಿಯನ್ ಎಂಬ ಹೆಸರು ಕಂಡಲ್ಲೆಲ್ಲ ಈ ಏಣಿ ಇರುವುದಿಲ್ಲ. ನಮ್ಮ ರಾಜ್ಯ ಮೀಸಲು ಪೊಲೀಸ್ ಪಡೆಯಲ್ಲೂ ಬೆಟಾಲಿಯನ್‌ಗಳಿವೆ, ಎನ್‌ಸಿಸಿಯಲ್ಲೂ ಇವೆ. ಪೊಲೀಸ್ ಬೆಟಾಲಿಯನ್ ಇಡಿಯಾಗಿ ಒಂದು ಕಡೆ ಹೋಗುವುದು ಅಪರೂಪ. ಚುನಾವಣೆಗೋ ಬಂದೋಬಸ್ತಿಗೋ ಅದರ ಕಂಪನಿಗಳು, ತುಕಡಿಗಳು ಒಂದೊಂದು ಊರಿಗೆ ಚದುರಿ ಹೋಗುತ್ತವೆ. ಫಿರಂಗಿ ಕೇಳಲು ಅದರ ಮೇಲೆ ಬ್ರಿಗೇಡ್ ಇಲ್ಲ, ಗುಂಡಿನ ಲಾರಿ ಕಳಿಸಲು ಡಿವಿಷನ್ನೂ ಇಲ್ಲ.